ಐವತ್ತೈದಕ್ಕ ಮತ್ತೊಂದು ಮದಿವಿ: ಮಕ್ಕಳ ಸಿಟ್ಟಿನ ಒಳಗ ಏನಿತ್ತು

ನನ್ನ ಎರಡನೇ ಮದಿವಿ ಆಗಿ ವರ್ಷ ದಾಟಿತು. ಈಗೂ ವಾರಕ್ಕೊಂದಾದ್ರೂ ಫೋನ್ ಬರತೈತಿ. ಬೈಯಾಕ ಮಾಡೋರು ಈಗ ಕಡಿಮಿ ಆಗ್ಯಾರ. ಕೇಳಾಕ ಮಾಡೋರ ಜಾಸ್ತಿ. "ಅಕ್ಕಾ, ನಮ್ಮ ಅತ್ತಿ ತಂಗಿ ಒಬ್ಬಾಕಿ ಅದಾಳ." "ಕಾಕೂ, ನಮ್ಮ ಅಪ್ಪಗ ಯಾರರೆ ಜೋಡಿ ಬೇಕಾಗೇತಿ, ಆದ್ರ ನಮ್ಮ ಅಣ್ಣ ಒಪ್ಪವಲ್ಲ." ಎಲ್ಲಾರೂ ಕಡೀಕ ಒಂದ ಮಾತಿಗೆ ಬರತಾರ: "ಮಕ್ಕಳನ್ನ ಹ್ಯಾಂಗ ಒಪ್ಪಿಸಿದ್ರಿ?"

ಒಬ್ಬೊಬ್ಬರಿಗೆ ಹೇಳಿ ಹೇಳಿ ಬಾಯಿ ಒಣಗೇತಿ, ಅದಕ್ಕ ಒಮ್ಮೆ ಕುಂತು ಬರದಬಿಡತೀನಿ. ಒಪ್ಪಿಸಿದೆ ಅನ್ನೂದು ಪೂರ್ತಿ ಖರೆ ಅಲ್ಲ. ಅವರ ಸಿಟ್ಟು ಒಂದ ಗಂಟಲ್ಲ, ನಾಕು ಗಂಟು ಅಂತ ತಿಳದಮ್ಯಾಲೆ ಒಂದೊಂದ ಬಿಚ್ಚಿದ್ವಿ. ಮೂರು ಬಿಚ್ಚಿದ್ವು, ಒಂದು ಇನ್ನೂ ಅರ್ಧ ಹಂಗ ಐತಿ.

ನಮ್ಮ ಮಾಸ್ತರು (ಅಂದ್ರ ನನ್ನ ಮೊದಲಿನ ಮನಿಯವರು, ಸರಕಾರಿ ಸಾಲಿ ಮಾಸ್ತರು) ಹೋದಾಗ ನನಗ ನಲವತ್ತೇಳು. ಆವಾಗ ಮಗಂದು ಓದು ಮುಗದಿರಲಿಲ್ಲ, ಮಗಳ ಮದಿವಿ ಬಾಕಿ ಇತ್ತು. ಆ ನಾಕೈದು ವರ್ಷ ಒಬ್ಬಾಕಿ ಅನ್ನೂದು ತಿಳೀಲೇ ಇಲ್ಲ, ಕೆಲಸ ಅಷ್ಟಿತ್ತು. ಮಗ ಪುಣೆದಾಗ ನೌಕರಿ ಹಿಡದ, ಮಗಳನ್ನ ರಾಮದುರ್ಗಕ್ಕ ಕೊಟ್ವಿ. ಬೈಲಹೊಂಗಲದ ಮನ್ಯಾಗ ನಾನೊಬ್ಬಾಕಿ ಉಳದೆ. ಒಬ್ಬಾಕಿಗಂತ ಹಿಟ್ಟು ನಾದೂದು, ಒಂದ ರೊಟ್ಟಿ ಬಡದು ಹಂಚು ಇಳಸೂದು ಹ್ಯಾಂಗಿರತೈತಿ ಅನ್ನೂದು ಮಾಡಿದಾಕಿಗೇ ಗೊತ್ತು. ಮುಂಜಾನೆ ಎಂಟು ರೊಟ್ಟಿ ಬಡದು ಮೂರು ದಿನ ಅದನ್ನ ತಿಂದದ್ದೈತಿ. ಮಕ್ಕಳು ದಿನಾ ಫೋನ್ ಮಾಡತಿದ್ರು, ಅದರಾಗ ಅವರ ತಪ್ಪೇನೂ ಇಲ್ಲ. ಆದ್ರ "ಉಂಡಿ ಏನವ್ವಾ?" ಅಂತ ಫೋನಿನ್ಯಾಗ ಕೇಳೂದು ಬ್ಯಾರೆ, ಎದುರಿಗೆ ಕುಂತು "ಇವತ್ತ ಪಲ್ಯಾಕ ಉಪ್ಪು ತಟಗ ಹೆಚ್ಚಾಗೇತಿ" ಅನ್ನೂದು ಬ್ಯಾರೆ.

ಇವರು ಕಿತ್ತೂರಿನವರು. ನಮ್ಮ ಅಕ್ಕನ್ನ ಅಲ್ಲಿಗೇ ಕೊಟ್ಟೇತಿ, ಅಕ್ಕನ ಮನಿ ಮಗ್ಗಲ ಓಣಿ. ಕಿರಾಣಿ ಅಂಗಡಿ, ಐದು ಎಕರೆ ಹೊಲ. ಹೆಂಡತಿ ಹೋಗಿ ಏಳು ವರ್ಷ ಆಗಿತ್ತು. ಅಂಗಡಿ ಈಗ ಮಗ ನೋಡತಾನ, ಮಗಳು ಧಾರವಾಡದಾಗ. ಅಕ್ಕನ ಮನಿಗೆ ಹೋದಾಗ ಮಾತಾಡತಾ ಮಾತಾಡತಾ ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ಹಿಡಿಸ್ತು. ಅದರ ಬಗ್ಗೆ ಹೆಚ್ಚು ಬರಿಯಾಕ ನಾಚಿಕಿ ಬರತೈತಿ, ಬಿಡ್ರಿ. ಮದಿವಿ ಮಾತು ತಗದಾಕಿ ನಮ್ಮ ಅಕ್ಕ.

ಮೊದಲನೇ ಗಂಟು: "ಮಂದಿ ಏನಂತಾರ"

ಮಗಳಿಗೆ ಮೊದಲ ಹೇಳಿದೆ. ಆಕಿ ಅತ್ತಳು. "ಅವ್ವಾ, ನಮ್ಮ ಅತ್ತಿಮನ್ಯಾಗ ನಾ ಹ್ಯಾಂಗ ಮಾರಿ ತೋರಸ್ಲಿ? ಇಂಥಾದ್ದು ನಮ್ಮೊಳಗ ಎಲ್ಲೈತಿ?" ಅಂದ್ಲು.

ನಮ್ಮೊಳಗ ಇಲ್ಲ ಅನ್ನೂದು ಖರೆ ಅಲ್ಲ. ನಮ್ಮ ಸೀಮ್ಯಾಗ ಉಡಕಿ ಅಂತ ಇತ್ತು. ನನ್ನ ವಾರಗಿಯವರಿಗೆಲ್ಲಾ ಆ ಶಬ್ದ ಗೊತ್ತು, ಆದ್ರ ಬೈಗುಳದಂಗ ಕೇಳೇವಿ. ಲಿಂಗಾಯತರೊಳಗ, ಇನ್ನೂ ಎಷ್ಟೋ ಒಕ್ಕಲತನದ ಮಂದಿಯೊಳಗ, ಗಂಡ ಸತ್ತ ಹೆಣಮಗಳಿಗೆ ಇನ್ನೊಬ್ಬ ಗಂಡಸು ಸೀರಿ ಉಡಿಸಿ ಕರಕೊಂಡು ಹೋಗೂದಕ್ಕ ಉಡಕಿ ಅಂತಿದ್ರು. ಬ್ರಿಟಿಷರ ಸರಕಾರ ವಿಧವಾ ವಿವಾಹದ ಕಾಯ್ದೆ ತಂದದ್ದು 1856ರಾಗ. ಅದು ಮರುಮದಿವಿಗೆ ಬಿಡದಿದ್ದ ಜಾತಿಯವರಿಗೆ ಬೇಕಾಗಿತ್ತು. ನಮ್ಮ ಒಕ್ಕಲಿಗರ ಹಟ್ಟಿಯೊಳಗ ಅದಕ್ಕೂ ಮೊದಲ ಈ ಪದ್ಧತಿ ಇತ್ತು.

ಆದ್ರ ಅದನ್ನ ಮಾಡತಿದ್ದದ್ದು ಹ್ಯಾಂಗ? ರಾತ್ರಿ ಹೊತ್ತಿನ್ಯಾಗ, ದೀಪದ ಬೆಳಕಿನ್ಯಾಗ, ಬಾಜಾ ಭಜಂತ್ರಿ ಇಲ್ಲದ. ಮುತ್ತೈದ್ಯಾರು ಮುಂದ ಬರತಿರಲಿಲ್ಲ. ಉಡಕಿ ಆದಾಕಿನ್ನ ಮುಂದ ಮದಿವಿ ಮುಂಜಿವಿ ಕಾರ್ಯದಾಗ ಮುಂದ ಕರೀತಿರಲಿಲ್ಲ. ಎಲ್ಲಾಕಿಂತ ದೊಡ್ಡ ಮಾತು ಏನಂದ್ರ, ಆಕಿ ಮೊದಲಿನ ಗಂಡನ ಮಕ್ಕಳನ್ನ ಅವರಪ್ಪನ ಮನಿಯವರಿಗೆ ಬಿಟ್ಟು ಹೋಗಬೇಕಾಗತಿತ್ತು. ಆಸ್ತೀನೂ ಬಿಡಬೇಕು. 1856ರ ಕಾಯ್ದೆದಾಗೂ ಹಂಗ ಬರದಿತ್ತು: ಮರುಮದಿವಿ ಆದ್ರ ಮೊದಲಿನ ಗಂಡನ ಆಸ್ತಿ ಮ್ಯಾಲಿನ ಹಕ್ಕು ಹೋತು ಅಂತ.

ಇದನ್ನ ಯಾಕ ಹೇಳತೀನಂದ್ರ, ನನ್ನ ಮಗಳು "ಮಂದಿ" ಅಂದಾಗ ಆಕಿ ಮನಸಿನ್ಯಾಗ ಇದ್ದದ್ದು ಇದ ಚಿತ್ರ. ಅವ್ವ ಕತ್ತಲದಾಗ ಎದ್ದು ಹೊಂಟಾಳ, ನಮ್ಮನ್ನ ಬಿಟ್ಟು. ಆಕಿಗೆ ನಾ ಒಂದ ಮಾತು ಹೇಳಿದೆ: "ಹಗಲಿನ್ಯಾಗ ಆಗತೇನಿ. ನೀವು ಬಂದು ನಿಂತ್ರ ಆಗತೇನಿ. ಬೈಲಹೊಂಗಲದ ಮನಿ ಕೀಲಿ ನನ್ನ ಸೆರಗಿನ್ಯಾಗ ಇರತೈತಿ. ನೀ ತವರಿಗೆ ಬರೂದು ಅಲ್ಲಿಗೇ."

ಈ ಗಂಟು ಬಿಚ್ಚಿದಾಕಿ ಕಡೀಕ ನಾನಲ್ಲ, ನಮ್ಮ ಬೀಗತಿ. ಮಗಳು ಯಾರಿಗೆ ಮಾರಿ ತೋರಸೂದು ಹ್ಯಾಂಗ ಅಂತಿದ್ಲೋ ಆಕೀನ. ಬೀಗತಿ ವರ್ಷಾ ತಪ್ಪದ ಸವದತ್ತಿ ಗುಡ್ಡಕ್ಕ ನಡಕೊಳ್ಳಾಕಿ. ಆಕಿ ಅಂದದ್ದು ಇಷ್ಟ: "ಹೊಸ್ತಿಲ ಹುಣ್ಣಿಮಿಗೆ ಎಲ್ಲವ್ವ ತಾಯಿ ರಂಡಿ ಆದ್ಲಂತ ಬಳಿ ಒಡಿತೀವಿ. ಭಾರತ ಹುಣ್ಣಿಮಿಗೆ ಮತ್ತ ಮುತ್ತೈದಿ ಆದ್ಲಂತ ಹಸರ ಬಳಿ ಇಟಗೊಂಡು ಬರತೀವಿ. ತಾಯಿಗೆ ಎರಡು ತಿಂಗಳು ಸಾಕು, ನಿಮ್ಮವ್ವಗ ಎಂಟು ವರ್ಷ ಆತು." ತಾಯಿ ಮುತ್ತೈದಿ ಆಗೂದು ಜಮದಗ್ನಿ ಜೀವಂತ ಎದ್ದಿದ್ದಕ್ಕ, ನಮ್ಮ ಮಾಸ್ತರು ಎದ್ದು ಬರೂದಿಲ್ಲ, ಅದು ನನಗೂ ಗೊತ್ತು, ಬೀಗತಿಗೂ ಗೊತ್ತು. ಆದ್ರ ಅತ್ತಿ ಬಾಯಾಗಿಂದ ಈ ಮಾತು ಬಂದಮ್ಯಾಲೆ ನನ್ನ ಮಗಳು ಮಂದಿ ಸುದ್ದಿ ಬಿಟ್ಲು.

ಎರಡನೇ ಗಂಟು: ಹೊಲಾ ಮನಿ

ಮಗ ಅಳಲಿಲ್ಲ, ಬೈಯಲಿಲ್ಲ, ಸುಮ್ಮ ಆದ. ದಿನಾ ಬರೂ ಫೋನ್ ವಾರಕ್ಕೊಮ್ಮೆ ಆತು. ಎರಡು ತಿಂಗಳಿಗೆ ನಮ್ಮ ಮೈದುನನ ಕಡೆಯಿಂದ ಒಂದು ಮಾತು ಬಂತು: "ಮದಿವಿ ಮಾಡ್ಕೊಳ್ಳಾಕ ಅಡ್ಡಿ ಇಲ್ಲ, ಆದ್ರ ಮೊದಲ ಹಕ್ಕುಬಿಡುಗಡೆ ಪತ್ರಕ್ಕ ಸಹಿ ಮಾಡಲಿ."

ನನಗ ಭಾಳ ನೋವಾತು. ಹೆತ್ತ ಮಗ ಹೊಲದ ಲೆಕ್ಕಾ ಮಾಡಾಕತ್ತಾನಲ್ಲ ಅಂತ. ಆದ್ರ ವಕೀಲರ ಕಡೆ ಹೋಗಿ ಕೇಳಿದಮ್ಯಾಲೆ ತಿಳೀತು, ಅವನ ಅಂಜಿಕಿಗೆ ಅರ್ಥ ಐತಿ. ಅವ ಕೇಳಿದ ಔಷಧ ತಪ್ಪು, ಬ್ಯಾನಿ ಖರೆ.

ನಮ್ಮ ಮಾಸ್ತರು ತಮ್ಮ ದುಡಿಮಿಲೆ ಮೂರು ಎಕರೆ ಹೊಲ ತಗೊಂಡಿದ್ರು. ಮೃತ್ಯುಪತ್ರ ಬರದಿರಲಿಲ್ಲ. 1956ರ ಹಿಂದೂ ವಾರಸಾ ಕಾಯ್ದೆ ಪ್ರಕಾರ ಹೆಂಡತಿ, ಮಗ, ಮಗಳು ಮೂವರಿಗೂ ಸಮಪಾಲು. ವಾರಸಾ ಹಚ್ಚಿಸಿ ಉತಾರದಾಗ ಮೂವರ ಹೆಸರೂ ಬಂದಾವು. ಅಂದ್ರ ನನ್ನ ಪಾಲು ಒಂದು ಎಕರೆ, ನಲವತ್ತು ಗುಂಟೆ. ಈಗಿನ ಕಾಯ್ದೆದಾಗ ಅದು ಪೂರ್ತಿ ನಂದು. ಮರುಮದಿವಿ ಆದ್ರೂ ಹೋಗೂದಿಲ್ಲ. 1856ರ ಆ ಹಳೇ ಕಾಯ್ದೆನ್ನ 1983ರಾಗ ತಗದ ಹಾಕ್ಯಾರ. "ಮದಿವಿ ಆದ್ರ ಆಸ್ತಿ ಹೋಗತೈತಿ" ಅಂತ ಇನ್ನೂ ಹೇಳತಾರಲ್ಲ, ಅವರು ಅಜ್ಜನ ಕಾಲದ ಮಾತು ಹೇಳತಾರ.

ಇನ್ನ ಮಗನ ಅಂಜಿಕಿ ಏನು? ನಾನು ಏನೂ ಬರದಿಡದ ಸತ್ರ ನನ್ನ ಒಂದು ಎಕರೆ ಯಾರಿಗೆ? ಅದ ಕಾಯ್ದೆದ 15ನೇ ಕಲಮಿನ್ಯಾಗ ಐತಂತ: ಹೆಣಮಗಳ ಆಸ್ತಿ ಆಕಿ ಮಕ್ಕಳಿಗೆ ಮತ್ತ ಗಂಡಗ ಸಮಪಾಲು. ಆವಾಗ ಗಂಡ ಅಂದ್ರ ಯಾರು? ಇವರು. ನಲವತ್ತು ಗುಂಟೆದಾಗ ಮಗಗ ಹದಿಮೂರು ಚಿಲ್ಲರ, ಮಗಳಿಗೆ ಹದಿಮೂರು ಚಿಲ್ಲರ, ಇವರಿಗೆ ಹದಿಮೂರು ಚಿಲ್ಲರ. ಇವರ ತರುವಾಯ ಅದು ಇವರ ಮಕ್ಕಳಿಗೆ. ಅಂದ್ರ ಮಾಸ್ತರು ಕಷ್ಟಪಟ್ಟು ತಗೊಂಡ ಭೂಮಿದಾಗ ಹದಿಮೂರು ಗುಂಟೆ ಕಿತ್ತೂರಿಗೆ ಹೋಗತೈತಿ, ಯಾರೂ ಕಸಗೊಳ್ಳದ, ಯಾರೂ ಮೋಸ ಮಾಡದ. ಇವರ ಮಕ್ಕಳಿಗೂ ಇದ ಅಂಜಿಕಿ ಇತ್ತು. ಇವರು ಏನೂ ಬರದಿಡದ ಹೋದ್ರ ಇವರ ಸ್ವಂತ ಹೊಲದಾಗ ಅವರಿಬ್ಬರ ಜೋಡಿ ನನಗೂ ಸಮಪಾಲು.

ಮತ್ತ ಹಕ್ಕುಬಿಡುಗಡೆ ಯಾಕ ಬ್ಯಾಡ? ಅದಕ್ಕ ಸಹಿ ಮಾಡಿ ನೋಂದಣಿ ಆತಂದ್ರ ಇವತ್ತಿಂದನ ನನ್ನ ಹಕ್ಕು ಮುಗೀತು. ನಾಳೆ ಈ ಸಂಸಾರ ಸರಿ ಬರಲಿಲ್ಲ, ಇಲ್ಲಾ ಇವರು ಮೊದಲ ಹೋದ್ರು ಅಂದ್ರ ನನಗ ತಿರಗಿ ಬಂದು ನಿಲ್ಲಾಕ ನೆಲಾ ಇಲ್ಲ. ಅದನ್ನ ಮನಸು ಬದಲಾತಂತ ನಾನೊಬ್ಬಾಕಿ ತಿರಗಿ ತಗೊಳ್ಳಾಕ ಬರೂದಿಲ್ಲ. ವಕೀಲರು ಹೇಳಿದ್ದು ಮೃತ್ಯುಪತ್ರ. ಅದು ನಾ ಸತ್ತಮ್ಯಾಲೆ ಜೀವ ಹಿಡಿಯೂ ಕಾಗದ. ಅಲ್ಲೀತನಕ ಹೊಲ ನಂದ, ಪೀಕು ನಂದ. ಬೇಕಂದ್ರ ಬದಲಿ ಮಾಡಬಹುದು.

ಹಂಗ ಇಬ್ಬರೂ ಬರದ್ವಿ. ನನ್ನ ಪಾಲಿನ ಹೊಲ, ಮನಿ ನನ್ನ ಮಗ ಮಗಳಿಗೆ ಸಮ ಅಂತ ನಾನು. ಇವರ ಹೊಲ, ಅಂಗಡಿ ಇವರ ಮಕ್ಕಳಿಗೆ ಅಂತ ಇವರು. ಆದ್ರ ಇವರ ಕಾಗದದಾಗ ಒಂದು ಸಾಲು ಹೆಚ್ಚಿಗಿ ಐತಿ: ಇವರ ತರುವಾಯ ನಾ ಇರೂತನಕ ಹಿಂದಿನ ಎರಡು ಖೋಲಿ ನನ್ನ ವಾಸಕ್ಕ, ಯಾರೂ ಹೊರಗ ಹಾಕಾಕ ಬರೂದಿಲ್ಲ ಅಂತ. ಮೃತ್ಯುಪತ್ರಕ್ಕ ಛಾಪಾ ಕಾಗದ ಬೇಕಿಲ್ಲ, ನೋಂದಣಿನೂ ಕಡ್ಡಾಯ ಅಲ್ಲ, ಆದ್ರ ಇಬ್ಬರು ಸಾಕ್ಷಿ ಇರಾಕಬೇಕು. ಪಾಲು ಬರೋರನ್ನ ಸಾಕ್ಷಿ ಮಾಡಬ್ಯಾಡ್ರಿ ಅಂದ್ರು. ನಾವು ಸಬ್ ರಜಿಸ್ಟ್ರಾರ್ ಆಫೀಸಿನ್ಯಾಗ ನೋಂದಣೀನೂ ಮಾಡಿಸಿದ್ವಿ, ನಾಳೆ ಯಾರೂ ಖೊಟ್ಟಿ ಅನಬಾರದಂತ. ಅದರ ನಕಲು ನಾಕೂ ಮಕ್ಕಳ ಕೈಯಾಗ ಇಟ್ವಿ. ಇದೆಲ್ಲಾ ಮದಿವಿಕಿಂತ ಮೊದಲ ಆತು. ಮಗ ಆ ಕಾಗದ ಎರಡು ಸಲ ಓದಿ ಮಡಚಿ ಕಿಸೇದಾಗ ಇಟಗೊಂಡ. ಏನೂ ಅನ್ನಲಿಲ್ಲ, ಆದ್ರ ಆ ರಾತ್ರಿ ಉಂಡ ಹೋದ.

ಮೂರನೇ ಗಂಟು: ಪಿಂಚಣಿ ಮತ್ತ ಬಂಗಾರ

ಮಾಸ್ತರದು ಕುಟುಂಬ ಪಿಂಚಣಿ ನನಗ ಬರತಿತ್ತು. ನಮ್ಮ ರಾಜ್ಯದಾಗ ಅದು ಹೆಂಡತಿ ಸಾಯೂತನಕ ಇಲ್ಲಾ ಮರುಮದಿವಿ ಆಗೂತನಕ, ಯಾವುದು ಮೊದಲೋ ಅದು. ಸರಕಾರ ಕೊಡೂ ವಿಧವಾ ವೇತನಾನೂ ಹಂಗ, ಮದಿವಿ ಆತಂದ್ರ ನಿಂತತು. ದೊಡ್ಡ ಮಕ್ಕಳಿದ್ರ ಅವರಿಗೂ ಬರೂದಿಲ್ಲ.

ಇಲ್ಲೇ ನನ್ನ ಮಗಳು ಒಂದು ಮಾತು ಅಂದ್ಲು: "ಅವ್ವಾ, ಮದಿವಿ ಯಾಕ? ಹಂಗ ಇರ್ರಿ. ಪಿಂಚಣಿನೂ ಉಳೀತೈತಿ." ಒಂದು ವರ್ಷದ ಹಿಂದ ಮಾರಿ ತೋರಸೂದು ಹ್ಯಾಂಗ ಅಂದಾಕಿ! ಆದ್ರ ಆಕಿ ಮಾತು ತೆಗದ ಹಾಕೂದಲ್ಲ. ಪುಣೆದಾಗ ಮಾಧವ ದಾಮಲೆ ಅನ್ನೋರು 2012ರಾಗ ಹಿರೇರಿಗಂತ ಒಂದು ಮಂಡಳ ಮಾಡಿದ್ರು, ಮದಿವಿ ಆಗದ ಕೂಡಿ ಇರೂ ವಯಸ್ಸಾದವರಿಗೆ. ಅಲ್ಲಿ ಹೋಗೋರಾಗ ಎಷ್ಟೋ ಮಂದಿಗೆ ಇದ ಕಾರಣ: ಪಿಂಚಣಿ ಹೋಗಬಾರದು, ಆಸ್ತಿ ಜಗಳ ಬರಬಾರದು. ಅಹಮದಾಬಾದದ ನಟುಭಾಯಿ ಪಟೇಲರು ಐವತ್ತು ದಾಟಿದವರಿಗೆ ಊರೂರಾಗ ವಧೂವರರ ಮೇಳಾವ ಮಾಡತಾರ, ಅಲ್ಲೂ ಹೀಂಗ ಕೂಡಿ ಇರಾಕ ಒಪ್ಪಿದವರು ಅದಾರ. ಪುಣೆದಂಥಾ ಊರಾಗ ಅದು ನಡೀತೈತಿ. ಕಿತ್ತೂರಿನ್ಯಾಗ, ಇವರ ಮಗ ಸೊಸಿ ಇರೂ ಮನ್ಯಾಗ, ನಾನು ಯಾರು ಅಂತ ಹೋಗಿ ಕುಂಡರ್ಲಿ? ದವಾಖಾನಿಯಾಗ "ಇವರಿಗೆ ನೀವು ಏನಾಗಬೇಕು?" ಅಂದ್ರ ಏನ ಹೇಳ್ಲಿ? ನಾನು ಮದಿವಿನ ಬೇಕಂದೆ. ಮದಿವಿ ಆದ ತಾರೀಖು ಹಾಕಿ ಖಜಾನೆ ಆಫೀಸಿಗೆ ಅರ್ಜಿ ಕೊಟ್ಟು ಪಿಂಚಣಿ ನಿಲ್ಲಿಸಿದೆ. ಮುಚ್ಚಿಟ್ಟು ತಗೊಂಡ್ರ ಮುಂದ ಒಂದಿನ ಎಲ್ಲಾ ರೊಕ್ಕ ತಿರಗಿ ಕಟ್ಟಬೇಕಾಗತೈತಿ. ತಿಂಗಳಾ ಕೈಗೆ ಬರೂ ರೊಕ್ಕ ಬಿಡೂದು ಹಗೂರ ಅಲ್ರಿ, ನಮ್ಮಂಥ ಮನ್ಯಾಗ ಇರೋರಿಗೆ ಅದ ಒಂದು ಸ್ವಂತದ್ದು. ಅದಕ್ಕ ಇವರು ಮದಿವಿ ಮೊದಲ ನನ್ನ ಹೆಸರಿಲೆ ಬ್ಯಾಂಕಿನ್ಯಾಗ ಠೇವು ಇಟ್ರು. ಕೇಳಿದ್ದು ನಾನು. ನಾಚಿಕೊಳ್ಳದ ಕೇಳ್ರಿ, ನಾಚಿಕಿಲೆ ಹೊಟ್ಟಿ ತುಂಬೂದಿಲ್ಲ.

ಇವರ ಮಗಳಿಗೆ ಹೊಲದ ಚಿಂತಿಕಿಂತ ಅವರವ್ವನ ಬಂಗಾರದ ಚಿಂತಿ ಇತ್ತು. ಬಾಯಿ ಬಿಟ್ಟು ಹೇಳಲಿಲ್ಲ, ಆದ್ರ ಟ್ರೆಝರಿ ಕಡೆ ನೋಡೂ ಕಣ್ಣಿನ್ಯಾಗ ಗೊತ್ತಾಗತಿತ್ತು. ನಾನ ಇವರಿಗೆ ಹೇಳಿದೆ. ಪತ್ತಾರನ ಅಂಗಡಿಗೆ ಒಯ್ದು ತೂಕ ಮಾಡಿಸಿ, ಪಟ್ಟಿ ಬರದು, ಬೋರಮಾಳ, ಬಿಲ್ವಾರ, ಬೆಂಡೋಲೆ ಎಲ್ಲಾ ಮಗಳು ಸೊಸಿ ಇಬ್ಬರಿಗೂ ಹಂಚಿಕೊಟ್ರು. ಆ ಬಂಗಾರ ನನ್ನ ಮೈಮ್ಯಾಲೆ ಒಂದಿನ ಬಂದಿದ್ರೂ ಆ ಹುಡಿಗಿ ಮನಸು ಒಡೀತಿತ್ತು.

ಮದಿವಿ ಒಂದು ಮಠದಾಗ, ಹಗಲ ಹನ್ನೊಂದಕ್ಕ, ಇಪ್ಪತ್ತು ಮಂದಿ ಒಳಗ. ಆಮ್ಯಾಲೆ ಹಿಂದೂ ವಿವಾಹ ಕಾಯ್ದೆ ಪ್ರಕಾರ ನೋಂದಣಿ. ಅದಕ್ಕ ಇಬ್ಬರ ವಯಸ್ಸಿನ ದಾಖಲೆ, ಫೋಟೋ, ಸಾಕ್ಷಿದಾರರು, ಮತ್ತ ಹಿಂದಿನ ಗಂಡಂದು, ಹಿಂದಿನ ಹೆಂಡತಿದು ಮರಣ ದಾಖಲೆ ಬೇಕು. ವಿಶೇಷ ವಿವಾಹ ಕಾಯ್ದೆದಾಗ ಆಗೂದಾದ್ರ ಮೂವತ್ತು ದಿನ ಮೊದಲ ಆಫೀಸಿನ್ಯಾಗ ನೋಟೀಸ್ ಹಚ್ಚತಾರ. ಧರ್ಮ ಬ್ಯಾರೆ ಇದ್ದವರಿಗೆ ಅದ ದಾರಿ, ನಮಗ ಬೇಕಾಗಲಿಲ್ಲ.

ನಾಕನೇ ಗಂಟು: ಅಪ್ಪನ ಜಾಗಾ

ಇದು ಕಾಗದಲೆ ಬಿಚ್ಚೂ ಗಂಟಲ್ಲ. ಎಲ್ಲಾ ಆದಮ್ಯಾಲೆ ಮಗ ಒಂದಿನ ಫೋನಿನ್ಯಾಗ ಕೇಳಿದ: "ಅವ್ವಾ, ಅಪ್ಪನ ಫೋಟೋ ಎಲ್ಲಿರತೈತಿ?" ಆವಾಗ ನನಗ ತಿಳೀತು, ಹೊಲದ ಮಾತು ಆಡೂದು ಅವಗ ಹಗೂರ ಇತ್ತು, ಈ ಮಾತು ಆಡೂದು ಬಿರಿ ಇತ್ತು.

ಫೋಟೋ ಬೈಲಹೊಂಗಲದ ಮನ್ಯಾಗ, ಇದ್ದಲ್ಲೇ ಐತಿ. ಇವರು ಆ ಮನ್ಯಾಗ ವಸತಿ ಇರೂದಿಲ್ಲ, ಅದು ಇವರ ತಾವಾಗೇ ಹಾಕಿಕೊಂಡ ಕಟ್ಟು. ನಾನು ವಾರಕ್ಕೊಮ್ಮೆ ಬಸ್ ಹತ್ತಿ ಹೋಗಿ ಕಸಾ ಹೊಡದು ದೀಪಾ ಹಚ್ಚಿ ಬರತೀನಿ. ಹಿರೇರ ಹಬ್ಬ ಅಲ್ಲೇ ಮಾಡತೀವಿ, ಎಡಿ ಹಿಡಿಯಾಕ ಮಗ ಪುಣೆದಿಂದ ಬರತಾನ. ಕಿತ್ತೂರಿನ ಮನ್ಯಾಗ ಇವರ ಮೊದಲಿನವರ ಫೋಟೋನೂ ಪಡಸಾಲ್ಯಾಗ ಹಂಗ ಐತಿ, ಅದಕ್ಕ ಹೂವು ಹಾಕಾಕಿ ಈಗ ನಾನು. ಅಡಿಗಿಮನಿ ಸೊಸೀದು, ಎಂಟು ವರ್ಷದಿಂದ ಆಕಿ ಕೈಯಾಗ ಐತಿ. ನಾವಿಬ್ಬರೂ ಹಿಂದಿನ ಖೋಲ್ಯಾಗ ಬ್ಯಾರೆ ಒಲಿ ಹೂಡೇವಿ. ಮೊದಮೊದಲ ಓಣ್ಯಾಗ "ಬಂದಕೂಡ್ಲೆ ಒಲಿ ಬ್ಯಾರೆ ಮಾಡಿದ್ಲು" ಅಂದ್ರು. ಆದ್ರ ಒಲಿ ಬ್ಯಾರೆ ಇದ್ದಿದ್ದಕ್ಕ ಮನಸು ಕೂಡೇತಿ. ಈಗ ಆಕಿ ಶೇಂಗಾ ಹಿಂಡಿ ಕೊಡತಾಳ, ನಾ ರೊಟ್ಟಿ ಕೊಡತೀನಿ.

ನನ್ನ ಮಕ್ಕಳು ಇವರಿಗೆ ಅಪ್ಪ ಅನ್ನೂದಿಲ್ಲ. ಅನ್ನಂತ ನಾನೂ ಹೇಳಲಿಲ್ಲ, ಇವರೂ ಬಯಸಲಿಲ್ಲ. ಮಗಳು ಕಾಕಾ ಅಂತಾಳ. ಮಗ ಏನೂ ಅನ್ನೂದಿಲ್ಲ, "ಅವರು ಅರಾಮ ಅದಾರ?" ಅಂತ ಕೇಳತಾನ. ಮೊಮ್ಮಗ ಮಾತ್ರ ತಾನ ಒಂದು ಹೆಸರು ಮಾಡ್ಕೊಂಡಾನ, ಕಿತ್ತೂರ ಅಜ್ಜ ಅಂತ. ಅವಗ ಫೋಟೋದಾಗಿನ ಅಜ್ಜ ಬ್ಯಾರೆ, ಕೋಟಿ ತೋರಸೂ ಅಜ್ಜ ಬ್ಯಾರೆ, ಎರಡಕ್ಕೂ ಜಾಗಾ ಐತಿ.

ಹ್ವಾದ ವರ್ಷ ಅಕ್ಟೋಬರ 23ಕ್ಕ ಕಿತ್ತೂರ ಉತ್ಸವ ಸುರು ಆದಾಗ ಆ ಹುಡುಗ ಹಟಾ ಮಾಡಿದ್ದಕ್ಕ ಮಗ ಬಂದ. ಜಾತ್ರಿ ತೋರಿಸಿಕೊಂಡು ಬಂದು ನಮ್ಮ ಖೋಲಿ ಬಾಗಲದಾಗ ಕುಂತು ಚಾ ಕುಡದ. ವಸತಿ ಇರಲಿಲ್ಲ, ರಾತ್ರಿನ ಬೈಲಹೊಂಗಲಕ್ಕ ಹೋದ. ಹೋಗುಮುಂದ ಇವರು ಕೈಚೀಲದಾಗ ಹತ್ತು ಕಿಲೋ ಹೊಸಾ ಜೋಳ ಹಾಕಿ ಕೊಟ್ರು. ಬ್ಯಾಡ ಅನ್ನಲಿಲ್ಲ, ತಗೊಂಡ ಹೋದ. ಮುಂದ ವಸತಿ ಇರತಾನೋ ಇಲ್ಲೋ ನಾ ಕೇಳಿಲ್ಲ, ಕೇಳೂದೂ ಇಲ್ಲ.

ಅದಕ್ಕ ನನಗ ಫೋನ್ ಮಾಡೋರಿಗೆಲ್ಲಾ ಈಗ ನಾನ ತಿರಗಿ ಕೇಳತೀನಿ: ನಿಮ್ಮ ಮಕ್ಕಳು ಸಿಟ್ಟಾಗ್ಯಾರಂದ್ರ ಯಾವುದಕ್ಕ? ಮಂದಿಗೋ, ಹೊಲಕ್ಕೋ, ಬಂಗಾರಕ್ಕೋ, ಫೋಟೋಕ್ಕೋ? ಹೊಲದ ಸಿಟ್ಟಿಗೆ ಕಣ್ಣೀರು ಹಾಕಿದ್ರ ಉಪಯೋಗಿಲ್ಲ, ವಕೀಲರ ಕಡೆ ಹೋಗ್ರಿ. ಫೋಟೋದ ಸಿಟ್ಟಿಗೆ ವಕೀಲರು ಏನ ಮಾಡ್ಯಾರು, ಅದಕ್ಕ ದೀಪಾ ಹಚ್ಚೂದು ತಪ್ಪಸಬ್ಯಾಡ್ರಿ. ಮತ್ತ ಯಾರರೆ ಮದಿವಿ ಮೊದಲ ಹಕ್ಕುಬಿಡುಗಡೆ ಕಾಗದ ಮುಂದ ಹಿಡದ್ರ, ಅವರು ಎಷ್ಟ ಹತ್ತಿರದವರಿದ್ರೂ, ಆ ಹೊತ್ತಿನ್ಯಾಗ ಸಹಿ ಮಾಡಬ್ಯಾಡ್ರಿ. ಮೃತ್ಯುಪತ್ರ ಬರದುಕೊಡತೀನಿ ಅನ್ರಿ. ಒಪ್ಪಲಿಲ್ಲಂದ್ರ ಅವರಿಗೆ ಬೇಕಾಗಿದ್ದು ಏನಂತ ನಿಮಗ ಗೊತ್ತಾಗತೈತಿ.